ತಟ್ಟೆಯ ಬೆಲೆ ಇಪ್ಪತ್ತು ಪೈಸೆ ಇಳಿದರೆ

ಅಡಿಕೆ ಹಾಳೆಯಿಂದ ಊಟದ ತಟ್ಟೆ ಒತ್ತುವ ಸಣ್ಣ ಘಟಕವೊಂದನ್ನು ಹಾಕುವ ಯೋಚನೆ ನಿಮಗಿದೆ ಎಂದುಕೊಳ್ಳಿ. ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ಯಂತ್ರ, ಶೆಡ್ಡು ಸೇರಿ ಬಂಡವಾಳ 10 ಲಕ್ಷ ರೂಪಾಯಿ. ವರ್ಷಕ್ಕೆ 4 ಲಕ್ಷ ತಟ್ಟೆ, ಒಂದಕ್ಕೆ 4 ರೂಪಾಯಿ. ಹಾಳೆ, ಕೂಲಿ, ಕರೆಂಟಿಗೆಂದು ತಟ್ಟೆಗೆ 2.60 ರೂಪಾಯಿ ಖರ್ಚು. ಬಾಡಿಗೆ ಮುಂತಾದ ಸ್ಥಿರ ವೆಚ್ಚ ವರ್ಷಕ್ಕೆ 2 ಲಕ್ಷ. ತೆರಿಗೆಯನ್ನು ಬದಿಗಿಟ್ಟರೆ ವರ್ಷಕ್ಕೆ 3.60 ಲಕ್ಷ ಉಳಿಯುತ್ತದೆ.

ಐದು ವರ್ಷಕ್ಕೆ 18 ಲಕ್ಷವಾಯಿತಲ್ಲ ಎಂದು ಹಿಗ್ಗುವ ಹಾಗಿಲ್ಲ. ಮುಂದೆ ಬರುವ ಹಣಕ್ಕೆ ಇಂದಿನ ಹಣದ ಬೆಲೆಯಿಲ್ಲ. ಶೇ. 12ರ ದರದಲ್ಲಿ ಇಂದಿನ ಬೆಲೆಗೆ ಇಳಿಸಿದರೆ ಅದು 12.98 ಲಕ್ಷ. ಬಂಡವಾಳ ಕಳೆದು ಉಳಿಯುವ 2.98 ಲಕ್ಷವೇ ನಿವ್ವಳ ವರ್ತಮಾನ ಮೌಲ್ಯ, ಅಂದರೆ ಎನ್‌ಪಿವಿ.

ಈಗ ಒಂದೊಂದೇ ಅಂಶವನ್ನು ಶೇ. 10ರಷ್ಟು ಏರಿಳಿಸಿ, ಉಳಿದವನ್ನು ಇದ್ದಂತೆಯೇ ಬಿಡೋಣ. ಬೆಲೆ ಇಳಿದರೆ ಎನ್‌ಪಿವಿ 2.79 ಲಕ್ಷದ ನಷ್ಟಕ್ಕೆ ಜಾರುತ್ತದೆ, ಏರಿದರೆ 8.74 ಲಕ್ಷಕ್ಕೆ ಹೋಗುತ್ತದೆ. ತಟ್ಟೆಯ ತಯಾರಿಕಾ ಖರ್ಚು ಅಷ್ಟೇ ಏರಿದರೆ 77 ಸಾವಿರದ ನಷ್ಟ, ಇಳಿದರೆ 6.73 ಲಕ್ಷದ ಲಾಭ. ಮಾರಾಟದ ಪ್ರಮಾಣ ಬದಲಾದರೆ 0.96 ಲಕ್ಷದಿಂದ 5 ಲಕ್ಷದವರೆಗೆ ಮಾತ್ರ ಓಡಾಟ. ತಟ್ಟೆ ಕಡಿಮೆಯಾದಾಗ ಹಾಳೆ, ಕೂಲಿಯ ಖರ್ಚೂ ಕಡಿಮೆಯಾಗುತ್ತದೆ. ಬೆಲೆ ಇಳಿದಾಗ ಖರ್ಚು ಒಂದು ಪೈಸೆಯೂ ತಗ್ಗುವುದಿಲ್ಲ.

2.98 ಲಕ್ಷದ ಬಳಿ ನೆಟ್ಟಗೆ ಒಂದು ಗೆರೆ ಎಳೆದು, ಪ್ರತಿ ಅಂಶದ ಏರಿಳಿತವನ್ನು ಅದರ ಎಡಬಲಕ್ಕೆ ಅಡ್ಡ ಪಟ್ಟಿಯಾಗಿ ಬರೆಯಿರಿ. ಉದ್ದನೆಯದು ಮೇಲೆ, ಚಿಕ್ಕದು ಕೆಳಗೆ. ಸುಂಟರಗಾಳಿಯ ಆಕಾರ ಮೂಡುವುದರಿಂದ ಇದು ಟಾರ್ನೆಡೊ ಚಾರ್ಟ್. ಇಲ್ಲಿ ತುದಿಯಲ್ಲಿ ಬೆಲೆ, ನಂತರ ತಯಾರಿಕಾ ಖರ್ಚು, ಪ್ರಮಾಣ, ಕೊನೆಗೆ ಸ್ಥಿರ ವೆಚ್ಚ. ತಟ್ಟೆಗೆ 20 ಪೈಸೆ ಇಳಿದರೂ ಎನ್‌ಪಿವಿ ಹತ್ತು ಸಾವಿರದ ಆಸುಪಾಸಿಗೆ ಬರುತ್ತದೆ.

ಆದರೆ ಎಲ್ಲಕ್ಕೂ ಒಂದೇ ಶೇ. 10 ಇಟ್ಟದ್ದು ನಾವು, ಮಾರುಕಟ್ಟೆಯಲ್ಲ. ಹಾಳೆ ಮುಖ್ಯವಾಗಿ ಬೇಸಿಗೆಯಲ್ಲಿ ಸಿಗುವಂಥದ್ದು; ಒಣಗಿಸಿ ದಾಸ್ತಾನು ಮಾಡದಿದ್ದರೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಹಾಗಾಗಿ ಉತ್ಪಾದನೆ ಶೇ. 30 ಕುಸಿಯಬಹುದು ಎಂದಿಟ್ಟುಕೊಂಡರೆ ನಷ್ಟ 3.08 ಲಕ್ಷ. ಖರೀದಿದಾರರ ಜೊತೆ ಒಪ್ಪಂದವಿದ್ದು ಬೆಲೆ ಶೇ. 5ಕ್ಕಿಂತ ಅಲುಗದು ಎಂದಾದರೆ, ಬೆಲೆಯ ಪಟ್ಟಿ ಅರ್ಧಕ್ಕಿಳಿದು ಪ್ರಮಾಣದ ಪಟ್ಟಿ ಮೇಲೇರುತ್ತದೆ. ಆಗ ಚಿಂತಿಸಬೇಕಾದದ್ದು ಗೋದಾಮಿನ ಬಗ್ಗೆ.

ಬೆಲೆ ಏರಿಸಿದರೆ ಗಿರಾಕಿ ಕಡಿಮೆಯಾಗುವುದು, ಹಾಳೆ ತುಟ್ಟಿಯಾದಾಗಲೇ ಅದು ಸಿಗದಿರುವುದು ಈ ಚಿತ್ರದಲ್ಲಿ ಕಾಣುವುದಿಲ್ಲ. ಅದು ಒಂದು ಸಲಕ್ಕೆ ಒಂದನ್ನೇ ಅಲುಗಿಸುತ್ತದೆ. ಯಾರಾದರೂ ಇಂಥ ಚಾರ್ಟ್ ತೋರಿಸಿ ನಿಮ್ಮ ಹಣ ಕೇಳಿದರೆ, ಪ್ರತಿ ಪಟ್ಟಿಯ ಏರಿಳಿತದ ಮಿತಿಯನ್ನು ಯಾವ ಆಧಾರದ ಮೇಲೆ ಇಟ್ಟಿರಿ ಎಂದು ಮೊದಲು ಕೇಳಿ.