ಪಾದರಸದ ಮೇಲೆ ನೀರಿದ್ದರೆ 13.6 ಅಲ್ಲ, 12.6

ಎಂಜಿನಿಯರಿಂಗ್ ಕಾಲೇಜಿನ ಹೈಡ್ರಾಲಿಕ್ಸ್ ಲ್ಯಾಬಿನಲ್ಲಿ ನೀರು ಹರಿಯುವ ಪೈಪಿನ ಪಕ್ಕಕ್ಕೆ, ಹಲಗೆಗೆ ಬಿಗಿದ ಬಾಗಿದ ಗಾಜಿನ ನಳಿಗೆಯೊಂದು ಸಾಮಾನ್ಯವಾಗಿ ಇರುತ್ತದೆ. ಅದೇ ಯು-ಟ್ಯೂಬ್ ಮ್ಯಾನೋಮೀಟರ್. ಅದರ ತಳದಲ್ಲಿ ಪಾದರಸ, ಎರಡು ಕಾಲುಗಳಲ್ಲೂ ಪಾದರಸದ ಮೇಲೆ ನೀರು. ಇವೆರಡೂ ಬೆರೆಯುವುದಿಲ್ಲ, ಹಾಗಾಗಿ ನಡುವಿನ ಗಡಿ ಸ್ಪಷ್ಟವಾಗಿ ಕಾಣುತ್ತದೆ. ನಾವು ಓದುವುದು ಆ ಗಡಿಯನ್ನೇ.

ವೆಂಚುರಿಮೀಟರ್ ಎಂಬ ಸಾಧನದಲ್ಲಿ ಪೈಪು ನಡುವೆ ಸಣ್ಣದಾಗುತ್ತದೆ. ಅಲ್ಲಿ ನೀರಿನ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಅಗಲವಾದ ಜಾಗದಿಂದ ಒಂದು ಸಣ್ಣ ಕೊಳವೆ ಮ್ಯಾನೋಮೀಟರಿನ ಎಡಗಾಲಿಗೆ, ಕಿರಿದಾದ ಜಾಗದಿಂದ ಇನ್ನೊಂದು ಬಲಗಾಲಿಗೆ ಬಂದು ಸೇರುತ್ತವೆ. ಎಡಗಡೆ ಒತ್ತಡ ಹೆಚ್ಚಿರುವುದರಿಂದ ಅಲ್ಲಿ ಪಾದರಸ ಕುಸಿದು ಬಲಗಡೆ ಏರುತ್ತದೆ. ಎರಡು ಮಟ್ಟಗಳ ಅಂತರ 20 ಸೆಂ.ಮೀ. ಎಂದುಕೊಳ್ಳೋಣ. ಒತ್ತಡದ ವ್ಯತ್ಯಾಸ ಎಷ್ಟು?

ಪಾದರಸ ನೀರಿಗಿಂತ 13.6 ಪಟ್ಟು ಭಾರ. ಹಾಗಾಗಿ 20 ಅನ್ನು 13.6ರಿಂದ ಗುಣಿಸಿ 272 ಸೆಂ.ಮೀ. ನೀರಿನಷ್ಟು ಎಂದು ಬರೆದುಬಿಡುವವರು ಬಹಳ. ಉತ್ತರ ತಪ್ಪು. ಯಾಕೆಂದು ತಿಳಿಯಲು ಸೂತ್ರ ಬೇಕಿಲ್ಲ, ನಳಿಗೆಯೊಳಗೆ ಒಂದು ಕಡೆಯಿಂದ ಇಳಿದು ಇನ್ನೊಂದು ಕಡೆ ಹತ್ತಿದರೆ ಸಾಕು. ಇಳಿಯುವಾಗ ಒತ್ತಡ ಕೂಡುತ್ತದೆ, ಹತ್ತುವಾಗ ಕಳೆಯುತ್ತದೆ.

ಪೈಪು ಅಡ್ಡಕ್ಕೆ ಮಲಗಿದೆ, ಎಡಗಡೆ ಪೈಪಿನ ಮಟ್ಟದಿಂದ ಪಾದರಸದವರೆಗೆ 80 ಸೆಂ.ಮೀ. ನೀರಿದೆ ಎನ್ನಿ. ಅಷ್ಟು ಇಳಿದಾಗ ಒತ್ತಡಕ್ಕೆ 80 ಕೂಡಿತು. ಈಗ ಅದೇ ಮಟ್ಟದಲ್ಲಿ ಬಲಗಾಲಿಗೆ ದಾಟಬಹುದು. ಕೆಳಗೆ ಒಂದೇ ಪಾದರಸ ಎಡೆಬಿಡದೆ ಹಬ್ಬಿರುವುದರಿಂದ ಆ ಮಟ್ಟದಲ್ಲಿ ಎರಡೂ ಕಡೆ ಒತ್ತಡ ಒಂದೇ. ಅಲ್ಲಿಂದ 20 ಸೆಂ.ಮೀ. ಪಾದರಸ ಹತ್ತಿದರೆ 272 ಕಳೆಯಿತು. ಉಳಿದ 60 ಸೆಂ.ಮೀ. ನೀರು ಹತ್ತಿ ಪೈಪು ಮುಟ್ಟಿದರೆ ಇನ್ನೂ 60 ಕಳೆಯಿತು. ಒಟ್ಟು ಕಳೆದದ್ದು 332, ಕೂಡಿದ್ದು 80, ವ್ಯತ್ಯಾಸ 252 ಸೆಂ.ಮೀ. ನೀರು. ಪಾಸ್ಕಲ್‌ನಲ್ಲಿ ಹೇಳುವುದಾದರೆ ಸುಮಾರು 24,700.

252 ಎಂದರೆ 20ರ 12.6 ಪಟ್ಟು. ಆ ಒಂದು ಪಟ್ಟು ಹೋದದ್ದೆಲ್ಲಿ? ಬಲಗಡೆ ಪಾದರಸ ಏರಿ ನಿಂತ 20 ಸೆಂ.ಮೀ. ಎತ್ತರದಲ್ಲಿ ಎಡಗಡೆಯೇನೂ ಖಾಲಿಯಿಲ್ಲ, ಅಲ್ಲಿ 20 ಸೆಂ.ಮೀ. ನೀರು ನಿಂತಿದೆ. ಪಾದರಸದ ಭಾರದಲ್ಲಿ ಒಂದು ಪಾಲನ್ನು ಆ ನೀರೇ ಹೊತ್ತಿದೆ. ಆದ್ದರಿಂದ ಲೆಕ್ಕಕ್ಕೆ ಬರುವುದು ಎರಡು ದ್ರವಗಳ ಸಾಂದ್ರತೆಯ ವ್ಯತ್ಯಾಸ:

Δp = (ρ₁ − ρ₂) g h

ಇಲ್ಲಿ ρ₁ ಪಾದರಸದ ಸಾಂದ್ರತೆ, ρ₂ ನೀರಿನದು, h ಎರಡು ಗಡಿಗಳ ಅಂತರ. ಪಾದರಸದ ಮೇಲೆ ಗಾಳಿಯಿದ್ದರೆ 13.6 ಸರಿಯೇ, ಏಕೆಂದರೆ ಗಾಳಿಯ ಭಾರ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಅಲ್ಲಿ ರೂಢಿಯಾದ ಸಂಖ್ಯೆ ಇಲ್ಲಿಗೂ ಬಂದುಬಿಡುವುದೇ ತಪ್ಪಿನ ಮೂಲ. ಅದರಿಂದ ಒತ್ತಡ ಸುಮಾರು ನೂರಕ್ಕೆ 8ರಷ್ಟು ಹೆಚ್ಚಾಗಿ ಕಾಣುತ್ತದೆ. ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುವುದರಿಂದ ಅದರಲ್ಲಿ ತಪ್ಪು ನೂರಕ್ಕೆ 4ರ ಆಸುಪಾಸು.

ಸಣ್ಣ ವ್ಯತ್ಯಾಸ ಅಳೆಯಲು ಪಾದರಸ ಒಗ್ಗುವುದಿಲ್ಲ. ಒಂದು ಸೆಂ.ಮೀ. ನೀರಿನಷ್ಟು ಒತ್ತಡಕ್ಕೆ ಅದು ಕದಲುವುದು ಒಂದು ಮಿ.ಮೀ.ಗಿಂತಲೂ ಕಡಿಮೆ. ಆಗ ನಳಿಗೆಯನ್ನು ತಲೆಕೆಳಗು ಮಾಡಿ, ಮೇಲೆ ನೀರಿಗಿಂತ ಹಗುರವಾದ ಎಣ್ಣೆ ತುಂಬುತ್ತಾರೆ. ಎಣ್ಣೆ ನೀರಿನ 0.8ರಷ್ಟು ಭಾರವಾದರೆ ಸಾಂದ್ರತೆಯ ವ್ಯತ್ಯಾಸ 0.2 ಮಾತ್ರ, ಅದೇ ಒತ್ತಡಕ್ಕೆ ಗಡಿ 5 ಸೆಂ.ಮೀ. ಸರಿಯುತ್ತದೆ. ದ್ರವಗಳ ಸಾಂದ್ರತೆ ಹತ್ತಿರವಾದಷ್ಟೂ ಉಪಕರಣ ಸೂಕ್ಷ್ಮವಾಗುತ್ತದೆ, ಆದರೆ ಸ್ವಲ್ಪ ಒತ್ತಡಕ್ಕೇ ನಳಿಗೆಯ ಉದ್ದ ಸಾಲದಾಗುತ್ತದೆ.

ಪೈಪು ಓರೆಯಾಗಿದ್ದರೆ ಇನ್ನೊಂದು ಎಚ್ಚರ ಬೇಕು. ಕಿರಿದಾದ ಜಾಗ 30 ಸೆಂ.ಮೀ. ಮೇಲಿದ್ದರೆ ನಿಜವಾದ ಒತ್ತಡದ ವ್ಯತ್ಯಾಸ 252ಕ್ಕೆ 30 ಸೇರಿ 282. ಮ್ಯಾನೋಮೀಟರ್ ಮಾತ್ರ 252 ಎಂದೇ ತೋರಿಸುತ್ತದೆ, ವೆಂಚುರಿಮೀಟರಿನ ಹರಿವಿನ ಲೆಕ್ಕಕ್ಕೆ ಬೇಕಾದದ್ದೂ ಅದೇ.

ಇದೆಲ್ಲ ಸರಿಯಿದ್ದರೂ ಓದು ಕೆಡಿಸುವುದು ಸಣ್ಣ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ. ಎಡಗಡೆ ನೇರ ನಿಂತ ಭಾಗದಲ್ಲಿ 10 ಸೆಂ.ಮೀ. ಗಾಳಿ ಕೂತರೆ ಅಷ್ಟು ನೀರಿನ ಭಾರ ಇಲ್ಲವಾಗಿ, ಪಾದರಸದ ಓದಿನಲ್ಲಿ 8 ಮಿ.ಮೀ. ತಪ್ಪು ನುಸುಳುತ್ತದೆ. ಪತ್ತೆ ಮಾಡುವುದು ಸುಲಭ. ಪೈಪು ತುಂಬಿರುವಂತೆಯೇ ಹರಿವು ನಿಲ್ಲಿಸಿ ನೋಡಿ. ಪೈಪು ಅಡ್ಡವಿರಲಿ, ಓರೆಯಿರಲಿ, ಎರಡು ಕಾಲುಗಳಲ್ಲೂ ಪಾದರಸ ಸಮನಾಗಿ ನಿಲ್ಲಬೇಕು. ನಿಲ್ಲದಿದ್ದರೆ ಮೇಲಿನ ನಲ್ಲಿಗಳನ್ನು ಮೆಲ್ಲಗೆ ತೆರೆದು ಗಾಳಿ ಬಿಡಿ. ಎರಡು ಕಡೆಯ ವಾಲ್ವುಗಳನ್ನು ಮಾತ್ರ ಒಟ್ಟಿಗೇ ತೆರೆಯಿರಿ, ಒಂದನ್ನೇ ತೆರೆದರೆ ಪಾದರಸ ಚಿಮ್ಮಿ ಪೈಪಿನ ನೀರಿಗೆ ಸೇರೀತು, ಅದು ವಿಷ. ಮಟ್ಟಗಳು ಸಮ ಬಂದ ಮೇಲೆ ಹರಿವು ಬಿಟ್ಟು, ಪಾದರಸದ ಉಬ್ಬಿದ ನೆತ್ತಿಗೆ ಕಣ್ಣನ್ನು ಸಮ ಇಟ್ಟು ಓದಿ. ಅಲ್ಲಿ ಒಂದು ಮಿ.ಮೀ. ತಪ್ಪಿದರೆ ನೀರಿನ ಲೆಕ್ಕದಲ್ಲಿ 12.6 ಮಿ.ಮೀ. ತಪ್ಪುತ್ತದೆ.