ನಂಬರ್ ಅದೇ, ಕಂಪನಿ ಬೇರೆ

ಹಳೆಯ ಸಿಮ್‌ನಿಂದ PORT ಎಂದು ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಬರುವ ಎಂಟಕ್ಷರದ ಕೋಡ್‌ಗೆ ಕರ್ನಾಟಕದಲ್ಲಿ ನಾಲ್ಕೇ ದಿನ ಆಯುಷ್ಯ. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಯಲ್ಲಿ ಗುರುತಿನ ದಾಖಲೆ ತೋರಿಸಿ ಸಿಮ್ ಪಡೆಯಬೇಕು. ಸೋಮವಾರ ಅರ್ಜಿ ಕೊಟ್ಟರೆ, ನಡುವೆ ರಜೆಯಿಲ್ಲದಿದ್ದರೆ, ಗುರುವಾರದ ಹೊತ್ತಿಗೆ ಕೆಲಸ ಮುಗಿಯುತ್ತದೆ. ಬೇರೆ ರಾಜ್ಯದ ವಲಯಕ್ಕಾದರೆ ಐದು ಕೆಲಸದ ದಿನ.

ಕೋಡೇ ಸಿಗದಿದ್ದರೆ? ಪೋಸ್ಟ್‌ಪೇಯ್ಡ್ ಬಿಲ್ ಬಾಕಿಯಿರಬಹುದು, ಈ ಕಂಪನಿಗೆ ಬಂದು 90 ದಿನ ಆಗಿರಲಿಕ್ಕಿಲ್ಲ, ಅಥವಾ ವಾರದೊಳಗೆ ಸಿಮ್ ಬದಲಿಸಿರಬಹುದು. ಕೊನೆಯದು ವಂಚಕರನ್ನು ತಡೆಯಲು 2024ರಲ್ಲಿ ಬಂದ ನಿಯಮ, ಕಿರಿಕಿರಿಯಾದರೂ ಒಳ್ಳೆಯದೇ.

ಬದಲಾವಣೆಯ ಹೊತ್ತಿನಲ್ಲಿ ಕೆಲವು ಗಂಟೆ ಸಿಗ್ನಲ್ ಇರದು. ಹಳೆಯ ಪ್ರೀಪೇಯ್ಡ್ ಬ್ಯಾಲೆನ್ಸ್ ಜತೆಗೆ ಬರುವುದಿಲ್ಲ. ಮೂರು ತಿಂಗಳ ರೀಚಾರ್ಜ್ ಈಗಷ್ಟೇ ಹಾಕಿಸಿದ್ದರೆ, ಅದು ಮುಗಿಯುತ್ತ ಬಂದಾಗ ಅರ್ಜಿ ಕೊಡಿ.