ಮೂರರಿಂದ ಏಳರೊಳಗೆ ಎಲ್ಲೋ ಒಂದು ಮಳೆ

ಅಕ್ಟೋಬರ್ ತಿಂಗಳ ಶನಿವಾರ ಸಂಜೆ ಬೆಂಗಳೂರಿನ ಯಾವುದೇ ಬಡಾವಣೆಯ ವಾಟ್ಸಾಪ್ ಗುಂಪು ನೋಡಿ. ಮರುದಿನ ಮೈದಾನದಲ್ಲಿ ಕಾರ್ಯಕ್ರಮವಿದ್ದರೆ ಯಾರೋ ಒಬ್ಬರು ಗಂಟೆಗಂಟೆಯ ಮಳೆ ಮುನ್ಸೂಚನೆಯ ಸ್ಕ್ರೀನ್‌ಶಾಟ್ ಹಾಕಿರುತ್ತಾರೆ. ಅದರ ಕೆಳಗೆ ಉತ್ತರಗಳು ಶುರು. ‘ಬರೀ 60 ಪರ್ಸೆಂಟ್, ಬರಲ್ಲ ಬಿಡಿ ಸಾರ್’ ಎಂದು ಒಬ್ಬರು. ‘ಐದು ಗಂಟೆ ಹೊತ್ತು ಮಳೆ ತೋರಿಸ್ತಿದೆ, ಮುಂದಿನ ವಾರಕ್ಕೆ ಹಾಕೋಣ’ ಎಂದು ಇನ್ನೊಬ್ಬರು. ಒಂದೇ ಚಿತ್ರವನ್ನು ಇಬ್ಬರೂ ತಪ್ಪಾಗಿ ಓದಿದ್ದಾರೆ. ಸರಿಯಾಗಿ ಓದಿದರೆ ಕಾರ್ಯಕ್ರಮವನ್ನು ನಿಲ್ಲಿಸಬೇಕಿಲ್ಲ, ಅದರ ಹೊತ್ತುಗಳನ್ನು ಹಿಂದೆಮುಂದೆ ಮಾಡಿದರೆ ಸಾಕು.

ಒಂದು ಉದಾಹರಣೆ ಹಿಡಿದು ನೋಡೋಣ. ಅಂಕಿಗಳು ವಿವರಣೆಗೆಂದು ಜೋಡಿಸಿದವು, ಆದರೆ ಬೆಂಗಳೂರಿನ ಅಕ್ಟೋಬರಿಗೆ ಒಗ್ಗುವಂಥವೇ. ಬೆಳಗ್ಗೆ 6ಕ್ಕೆ 20 ಡಿಗ್ರಿ, ಮಳೆಯ ಸಾಧ್ಯತೆ ಶೇ 10. ಹನ್ನೊಂದಕ್ಕೆ 27 ಡಿಗ್ರಿ, ಆಗಲೂ ಶೇ 10. ಮಧ್ಯಾಹ್ನ 1ಕ್ಕೆ 29 ಡಿಗ್ರಿ, ಶೇ 20. ಎರಡಕ್ಕೆ ಶೇ 35, ಮೂರಕ್ಕೆ 50. ನಾಲ್ಕಕ್ಕೆ ಶೇ 65, ಮಳೆ 3.1 ಮಿಲಿಮೀಟರ್, ಉಷ್ಣಾಂಶ 25ಕ್ಕೆ ಇಳಿದಿದೆ. ಐದಕ್ಕೆ ಶೇ 60, 2.4 ಮಿಮೀ, 23 ಡಿಗ್ರಿ. ಆರಕ್ಕೆ ಶೇ 45, ಏಳಕ್ಕೆ 30, ಎಂಟಕ್ಕೆ 20. ಮೂರು, ಆರು, ಏಳರ ಸಾಲುಗಳಲ್ಲಿ ಮಿಲಿಮೀಟರು ಒಂದಕ್ಕೂ ಕಡಿಮೆ.

ಇದನ್ನು ಕಂಡವರಿಗೆ ಮೂರಕ್ಕೆ ಹನಿಯಲು ತೊಡಗಿ ಏಳರವರೆಗೂ ಜಿಟಿಜಿಟಿ ಸುರಿಯುವ ಮಳೆ ಕಣ್ಣಿಗೆ ಬರುತ್ತದೆ. ಬೆಂಗಳೂರಿನ ಅಕ್ಟೋಬರ್ ಮಳೆ ಸಾಮಾನ್ಯವಾಗಿ ಹಾಗೆ ಬರುವುದಿಲ್ಲ. ಬೆಳಗಿನ ಬಿಸಿಲಿಗೆ ನೆಲ ಕಾದು, ತೇವದ ಗಾಳಿ ಮೇಲೇರಿ, ಮೂರು ನಾಲ್ಕು ಗಂಟೆಯ ಹೊತ್ತಿಗೆ ಮೋಡ ಎತ್ತರಕ್ಕೆ ಕಟ್ಟಿಕೊಳ್ಳುತ್ತದೆ. ಸುರಿದರೆ ಅರ್ಧ ಮುಕ್ಕಾಲು ಗಂಟೆ ಧೋ ಎಂದು ಸುರಿದು ಹೋಗುತ್ತದೆ. ಆ ಮೋಡ ಎಷ್ಟು ಹೊತ್ತಿಗೆ, ಯಾವ ಬಡಾವಣೆಯ ಮೇಲೆ ಒಡೆಯುತ್ತದೆ ಎಂದು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗೆ ಹಿಂದಿನ ದಿನ ತಿಳಿಯುವುದಿಲ್ಲ. ತಿಳಿಯದ್ದನ್ನು ಅದು ನಾಲ್ಕೈದು ಗಂಟೆಗಳ ಮೇಲೆ ಹರವಿ ತೋರಿಸುತ್ತದೆ. ಹೀಗಾಗಿ ಚಿತ್ರದಲ್ಲಿ ಅಗಲವಾಗಿ ಕಾಣುವ ಒದ್ದೆ ಹೊತ್ತು ಮಳೆಯ ಉದ್ದವನ್ನು ಹೇಳುತ್ತಿಲ್ಲ, ಮಳೆ ಬರುವ ಸಮಯದ ಬಗೆಗಿನ ಅನುಮಾನವನ್ನು ಹೇಳುತ್ತಿದೆ. ಮಂಗಳೂರಿನ ಜುಲೈಗೆ ಈ ಮಾತು ಹೊಂದದು. ಅಲ್ಲಿ ಪ್ರತಿ ಗಂಟೆಗೂ ಶೇ 90 ಎಂದಿದ್ದರೆ ಮಳೆ ನಿಜಕ್ಕೂ ಹೆಚ್ಚು ಹೊತ್ತು ಸುರಿಯುತ್ತದೆ, ನಡುನಡುವೆ ಬಿಡುವಷ್ಟೇ ಸಿಗುತ್ತದೆ.

ಮಿಲಿಮೀಟರಿನ ಅಂಕಣವನ್ನೂ ಹೀಗೆಯೇ ಎಚ್ಚರದಿಂದ ನೋಡಬೇಕು. ‘3.1’ ಎಂದರೆ ನಿಮ್ಮ ಮೈದಾನದಲ್ಲಿ ಅಷ್ಟೇ ಬೀಳುತ್ತದೆ ಎಂದಲ್ಲ. ಜಾಗತಿಕ ಮಾದರಿಗಳು ನೆಲವನ್ನು ಸುಮಾರು 9ರಿಂದ 13 ಕಿಲೋಮೀಟರ್ ಅಗಲದ ಚೌಕಗಳಾಗಿ ಕತ್ತರಿಸಿ ಲೆಕ್ಕ ಮಾಡುತ್ತವೆ. ಒಂದೇ ಚೌಕದ ಒಂದು ಮೂಲೆಯಲ್ಲಿ 15 ಮಿಮೀ ಸುರಿದು ಇನ್ನೊಂದು ಮೂಲೆ ಒಣಗಿಯೇ ಇರಬಹುದು. ಅಂಥ ಮಳೆಯನ್ನು ಚೌಕದ ತುಂಬ ಹಂಚಿದಾಗ ಅಂಕಿ ಸಣ್ಣದಾಗುತ್ತದೆ. ಆದ್ದರಿಂದ 3.1 ಎಂದಿದ್ದಲ್ಲಿ ‘ಒಂದೋ ಏನೂ ಇಲ್ಲ, ಇಲ್ಲವೇ ಜೋರು’ ಎಂದು ಓದಿಕೊಂಡರೆ ಕ್ಷೇಮ. ಜೋರಿಗೆ ಏನು ಅರ್ಥ ಎಂಬುದಕ್ಕೆ ಒಂದು ಸುಲಭದ ಲೆಕ್ಕವಿದೆ: ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. 30 ಅಡಿಗೆ 40 ಅಡಿಯ ಶಾಮಿಯಾನ ಸುಮಾರು 111 ಚದರ ಮೀಟರ್. ಐದೇ ಮಿಲಿಮೀಟರ್ ಬಿದ್ದರೂ ಅದರ ಮೇಲೆ 550 ಲೀಟರಿಗೂ ಹೆಚ್ಚು ನೀರು, ಅಂದರೆ ಐದೂವರೆ ಕ್ವಿಂಟಾಲ್ ಭಾರ. ಬಟ್ಟೆ ಚಪ್ಪಟೆಯಾಗಿ ಕಟ್ಟಿದ್ದರೆ ನೀರು ನಡುವೆ ನಿಂತು ಹೊಟ್ಟೆ ಬಿಡುತ್ತದೆ, ಕಂಬ ವಾಲುತ್ತದೆ. ಶಾಮಿಯಾನದವರಿಗೆ ಹಿಂದಿನ ದಿನವೇ ಒಂದು ಕಡೆ ಇಳಿಜಾರು ಕೊಟ್ಟು ಕಟ್ಟಲು ಹೇಳಬೇಕು.

ಇನ್ನು ಪರ್ಸೆಂಟು. ಶೇ 65 ಎಂದರೆ ಊರಿನ ಶೇ 65 ಭಾಗಕ್ಕೆ ಮಳೆ ಎಂದಲ್ಲ, ಗಂಟೆಯಲ್ಲಿ 39 ನಿಮಿಷ ಮಳೆ ಎಂದೂ ಅಲ್ಲ. ನೀವು ನಿಂತ ಜಾಗದಲ್ಲಿ ಆ ಒಂದು ಗಂಟೆಯೊಳಗೆ ಅಳೆಯಲು ಸಿಗುವಷ್ಟಾದರೂ ಮಳೆ ಬೀಳುವ ಸಂಭವ ಅದು. ಬೀಳುವುದು ನಾಲ್ಕು ಹನಿಯೋ ಕೊಡ ಕವುಚಿದಂತೋ ಎಂಬುದಕ್ಕೂ ಈ ಅಂಕಿಗೂ ಸಂಬಂಧವಿಲ್ಲ. ಒಂದೊಂದು ಗಂಟೆಯನ್ನು ಬಿಡಿಬಿಡಿಯಾಗಿ ನೋಡುವುದು ಇನ್ನೊಂದು ತಪ್ಪು. ಮೂರರಿಂದ ಏಳರವರೆಗೆ ನಡೆಯುವ ಕಾರ್ಯಕ್ರಮಕ್ಕೆ ಎಂದಾದರೂ ಮಳೆ ತಗಲುವ ಸಂಭವ ಆ ಗಂಟೆಗಳಲ್ಲಿ ಅತಿ ದೊಡ್ಡದಾದ 65ಕ್ಕಿಂತ ಕಡಿಮೆ ಇರಲಾರದು, ಬಹುಪಾಲು ಅದಕ್ಕಿಂತ ಹೆಚ್ಚೇ. ‘ಆರಕ್ಕೆ ಬರೀ 45 ಇದೆಯಲ್ಲ’ ಎಂದು ನೃತ್ಯವನ್ನು ಆರಕ್ಕೆ ಇಟ್ಟವರು, ನಾಲ್ಕಕ್ಕೆ ಮಳೆ ಬಂದರೆ ಆರಕ್ಕೆ ವೇದಿಕೆ ಕೆಸರಾಗಿರುತ್ತದೆ ಎಂಬುದನ್ನು ಮರೆತಿರುತ್ತಾರೆ.

ಈಗ ನಮ್ಮ ಬಡಾವಣೆಯ ಪಟ್ಟಿಗೆ ಬರೋಣ. ಮೊದಲು ಬರೆದಿದ್ದ ಕ್ರಮ ಹೀಗಿತ್ತು ಅನ್ನಿ: ಹತ್ತಕ್ಕೆ ಉದ್ಘಾಟನೆ, ಹನ್ನೊಂದಕ್ಕೆ ಮಕ್ಕಳ ಓಟ, ಒಂದಕ್ಕೆ ಊಟ, ಮೂರಕ್ಕೆ ಹಗ್ಗಜಗ್ಗಾಟ, ನಾಲ್ಕಕ್ಕೆ ರಂಗೋಲಿ ಸ್ಪರ್ಧೆ, ಐದೂವರೆಗೆ ಬಯಲು ವೇದಿಕೆಯಲ್ಲಿ ಮಕ್ಕಳ ನೃತ್ಯ, ಏಳೂವರೆಗೆ ಬಹುಮಾನ. ಇದನ್ನು ತಿದ್ದುವಾಗ ಗಡಿಯಾರದಿಂದ ಶುರು ಮಾಡಬಾರದು. ನೀರು ಬಿದ್ದರೆ ಯಾವುದು ಪೂರ್ತಿ ಹಾಳು ಎಂದು ಮೊದಲು ಕೇಳಿಕೊಳ್ಳಬೇಕು. ರಂಗೋಲಿ ಹಾಳು. ಮೈಕ್ ಸೆಟ್, ದೀಪದ ವೈರು, ಮಕ್ಕಳ ವೇಷ ಹಾಳು, ಅಪಾಯವೂ ಹೌದು. ಓಟಕ್ಕೆ ಎಳೆದ ಸುಣ್ಣದ ಗೆರೆ ಅಳಿಯುತ್ತದೆ, ಕೆಮ್ಮಣ್ಣು ಜಾರುತ್ತದೆ. ಬಹುಮಾನ, ಭಾಷಣ, ಗಾಯನ, ರಸಪ್ರಶ್ನೆಗಳಿಗೆ ತಲೆ ಮೇಲೊಂದು ಸೂರು ಇದ್ದರೆ ಸಾಕು.

ಹಾಗಾಗಿ ರಂಗೋಲಿ ಬೆಳಗ್ಗೆ ಏಳೂವರೆಗೆ ಬರುತ್ತದೆ, ಒಂಬತ್ತೂವರೆಯೊಳಗೆ ತೀರ್ಪೂ ಮುಗಿಯುತ್ತದೆ. ಮಕ್ಕಳ ಓಟ ಎಂಟಕ್ಕೆ. ಇದಕ್ಕೆ ಉಷ್ಣಾಂಶದ ಅಂಕಣವೂ ಒಪ್ಪುತ್ತದೆ: ಎಂಟಕ್ಕೆ ಓಡುವ ಮಗುವಿಗೂ, 27 ಡಿಗ್ರಿಯ ಹನ್ನೊಂದರ ಬಿಸಿಲಿಗೆ ಓಡುವ ಮಗುವಿಗೂ ವ್ಯತ್ಯಾಸವಿದೆ. ತೋರಿಸುವ ಉಷ್ಣಾಂಶ ನೆರಳಿನದು, ಬಯಲಿನಲ್ಲಿ ಮೈಗೆ ತಟ್ಟುವ ಬಿಸಿ ಅದಕ್ಕಿಂತ ಹೆಚ್ಚು. ಹಗ್ಗಜಗ್ಗಾಟ ಹತ್ತಕ್ಕೆ. ನೃತ್ಯವನ್ನು ಊಟಕ್ಕಿಂತ ಮುಂಚೆ, ಹನ್ನೊಂದೂವರೆಯಿಂದ ಒಂದರವರೆಗೆ, ಶಾಮಿಯಾನದ ನೆರಳಿನಲ್ಲಿ ಮುಗಿಸಬೇಕು. ದೀಪದ ಬೆಳಕಿನ ಸೊಗಸು ಹೋಯಿತೆಂದು ಅಮ್ಮಂದಿರಿಗೆ ಬೇಸರವಾಗುತ್ತದೆ, ನಿಜ. ಒಂದಕ್ಕೆ ಊಟ, ಎರಡಕ್ಕೆ ಮೈಕ್ ಸೆಟ್ ಬಿಚ್ಚಿ ಒಳಗೆ. ನಾಲ್ಕರಿಂದ ಸಮುದಾಯ ಭವನದಲ್ಲಿ ಗಾಯನ, ರಸಪ್ರಶ್ನೆ, ಬಹುಮಾನ. ಉದ್ಘಾಟನೆಯನ್ನೂ ಅಲ್ಲಿಗೇ ತಳ್ಳುವುದು ವಾಸಿ. ಮುಖ್ಯ ಅತಿಥಿಗಳು ಎಷ್ಟು ತಡವಾಗಿ ಬರುತ್ತಾರೆಂಬ ಮುನ್ಸೂಚನೆಯನ್ನು ಯಾವ ಆ್ಯಪೂ ಕೊಡುವುದಿಲ್ಲ.

ಮಳೆ ತೋರಿಸುವುದು ಮೂರಕ್ಕೆ, ಎರಡಕ್ಕೇ ಏಕೆ ಮುಗಿಸಬೇಕು? ಮೊದಲನೆಯದಾಗಿ, ‘4’ ಎಂಬ ಸಾಲಿನಲ್ಲಿರುವ ಮಳೆ ಕೆಲವು ಕಡೆ ಮೂರರಿಂದ ನಾಲ್ಕರ ಮಳೆ, ಕೆಲವು ಕಡೆ ನಾಲ್ಕರಿಂದ ಐದರ ಮಳೆ, ಅದು ಆ್ಯಪಿನಿಂದ ಆ್ಯಪಿಗೆ ಬದಲಾಗುತ್ತದೆ. ಎರಡನೆಯದಾಗಿ, ಮಳೆಗಿಂತ ಮೊದಲು ಗಾಳಿ ಬರುತ್ತದೆ. ಮೋಡದಿಂದ ಕೆಳಗೆ ಸುರಿದ ತಣ್ಣನೆ ಗಾಳಿ ನೆಲಕ್ಕೆ ಬಡಿದು ಸುತ್ತ ಹರಡುವಾಗ ಮೊದಲ ಹನಿಗೂ ಮುಂಚೆಯೇ ಶಾಮಿಯಾನ ಎದ್ದು ಹಾರಬಹುದು. ಸ್ಕ್ರೀನ್‌ಶಾಟಿನಲ್ಲಿ ಗಾಳಿಯ ರಭಸದ ಸಾಲು ಇದ್ದರೆ, ಅದು ಹಠಾತ್ತನೆ ಏರುವ ಗಂಟೆಯನ್ನು ಮಳೆಯ ಗಂಟೆಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು.

ಸ್ಕ್ರೀನ್‌ಶಾಟಿನದೇ ಆದ ಒಂದು ಕೊರತೆಯೂ ಇದೆ. ಅದು ತೆಗೆದ ಗಳಿಗೆಗೆ ನಿಂತುಹೋದ ಚಿತ್ರ. ಹತ್ತು ಜನ ಫಾರ್ವರ್ಡ್ ಮಾಡಿದ ಮೇಲೆ ಅದು ಇಂದಿನದೋ ಮೊನ್ನೆಯದೋ ತಿಳಿಯದು. ತೆಗೆಯುವಾಗಲೇ ಊರಿನ ಹೆಸರು, ತಾರೀಕು, ಮೇಲ್ತುದಿಯಲ್ಲಿರುವ ಫೋನಿನ ಸಮಯ ಮೂರೂ ಕಾಣುವಂತಿರಲಿ. ವಿದೇಶಿ ಜಾಲತಾಣದ ಚಾರ್ಟಿನಲ್ಲಿ UTC ಎಂದು ಕಂಡರೆ ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು. ಇಲ್ಲದಿದ್ದರೆ ಸಂಜೆಯ ಮಳೆ ಬೆಳಗಿನ ಹತ್ತೂವರೆಗೆ ಬಂದು ಕೂರುತ್ತದೆ. ಮುಖ್ಯ ಮಾದರಿಗಳ ಲೆಕ್ಕ ದಿನಕ್ಕೆ ನಾಲ್ಕು ಬಾರಿ, ನಮ್ಮ ಗಡಿಯಾರದಲ್ಲಿ ಐದೂವರೆ ಮತ್ತು ಹನ್ನೊಂದೂವರೆಗಳಿಗೆ ಹೊಸದಾಗಿ ಶುರುವಾಗುತ್ತದೆ, ಫಲಿತಾಂಶ ಕೈಸೇರಲು ಕೆಲವು ಗಂಟೆ ಹಿಡಿಯುತ್ತದೆ. ಆದ್ದರಿಂದ ಶನಿವಾರ ಸಂಜೆಯ ಚಿತ್ರದಿಂದ ಪಟ್ಟಿ ಮಾಡಿ, ಭಾನುವಾರ ಬೆಳಗ್ಗೆ ಆರಕ್ಕೆ ಅದೇ ಆ್ಯಪಿನಿಂದ ಇನ್ನೊಂದು ಚಿತ್ರ ತೆಗೆದು ಪಕ್ಕಕ್ಕಿಟ್ಟು ನೋಡಬೇಕು. ಶೇ 65 ಇದ್ದದ್ದು 55 ಆಯಿತೆಂದು ಕುಣಿಯುವುದು ಬೇಡ. ಒದ್ದೆ ಹೊತ್ತು ಶುರುವಾಗುವ ಗಂಟೆ ಮೂರರಿಂದ ಒಂದಕ್ಕೆ ಸರಿದಿದೆಯೇ ಎಂಬುದು ಪ್ರಶ್ನೆ. ಸರಿದಿದ್ದರೆ ನೃತ್ಯವನ್ನು ಹತ್ತಕ್ಕೆ ತಂದು ಹಗ್ಗಜಗ್ಗಾಟ ಕೈಬಿಡಬೇಕಾದೀತು.

ಮಧ್ಯಾಹ್ನ ಹನ್ನೆರಡರ ನಂತರ ಈ ಪಟ್ಟಿಯ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಆಮೇಲೆ ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗೆಂದು ಕೊಡುವ ತತ್‌ಕ್ಷಣದ ಎಚ್ಚರಿಕೆ, ಸಿಡಿಲಿಗೆಂದೇ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಒಂದು ಹನಿಯೂ ಬೀಳದಿದ್ದರೂ ಮೈದಾನ ಖಾಲಿಯಾಗಬೇಕು, ಕಬ್ಬಿಣದ ಕಂಬದ ಶಾಮಿಯಾನದಡಿ ಯಾರೂ ನಿಲ್ಲಬಾರದು. ಕೊನೆಯ ಗುಡುಗು ಕೇಳಿಸಿದ ಮೇಲೆ ಅರ್ಧ ಗಂಟೆ ಕಾದೇ ಹೊರಗೆ ಬರಬೇಕು.

ಹೊತ್ತು ಬದಲಿಸಿದರೂ ಪ್ರಯೋಜನವಿಲ್ಲದ ದಿನಗಳೂ ಇವೆ, ಅವನ್ನು ಗುರುತಿಸಲು ಉಷ್ಣಾಂಶದ ಅಂಕಣವೇ ಸಾಕು. ನಮ್ಮ ಉದಾಹರಣೆಯಲ್ಲಿ ಬೆಳಗ್ಗೆ 20, ಮಧ್ಯಾಹ್ನ 29: ಒಂಬತ್ತು ಡಿಗ್ರಿಯ ಏರಿಕೆ. ಬಿಸಿಲು ಬಂದು, ನೆಲ ಕಾದು, ಸಂಜೆ ಮಳೆಯಾಗುವ ದಿನ ಅದು, ಬೆಳಗು ನಿಮ್ಮದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೋಡ ಊರಿಡೀ ಕವಿದ ದಿನ ಅದೇ ಅಂಕಣ ಬೆಳಗ್ಗೆ 20, ಮಧ್ಯಾಹ್ನ 22, ರಾತ್ರಿ 20 ಎಂದು ಮಲಗಿಬಿಟ್ಟಿರುತ್ತದೆ. ಮಳೆಯ ಪರ್ಸೆಂಟೂ ಯಾವ ಗಂಟೆಯಲ್ಲೂ ಇಳಿಯುವುದಿಲ್ಲ. ಎರಡೂ ಒಟ್ಟಿಗೆ ಕಂಡರೆ ಏಳೂವರೆಯ ರಂಗೋಲಿಯೂ ಇಲ್ಲ, ಎಂಟರ ಓಟವೂ ಇಲ್ಲ. ಇಂಥ ದೊಡ್ಡ ಮೋಡದ ಸುಳಿವು ಬಿಡಿ ಗುಡುಗು ಮಳೆಗಿಂತ ಒಂದೆರಡು ದಿನ ಮೊದಲೇ ಸಿಗುತ್ತದೆ. ಹಾಗಾಗಿ ಮುಂದೂಡುವ ಮಾತನ್ನು ಶುಕ್ರವಾರ ರಾತ್ರಿ, ಅಡುಗೆಯವರು ಮಾರ್ಕೆಟ್ಟಿಗೆ ತರಕಾರಿ ತರಲು ಹೋಗುವ ಮುನ್ನ ಹೇಳಿಬಿಡಬೇಕು.